ಒಬ್ಬರ ಲಿಂಕಿನಲ್ಲಿ ಇನ್ನೊಬ್ಬರು

ಗೋಕುಳ ಶಿರಗಾಂವದ ಎಂಐಡಿಸಿಯ ಫೌಂಡ್ರಿಗಳಿಗೆ ನಿಪ್ಪಾಣಿ ಕಡೆಯ ಕನ್ನಡ ಕೆಲಸಗಾರರೂ ಬಂದು ಹೋಗುತ್ತಾರೆ. ಎರಕದ ದೋಷ, ಮರಳಿನ ಪರೀಕ್ಷೆ, ವಿದ್ಯುತ್ ಉಳಿತಾಯ ಎಂದು ಈಗ ಏನಿದ್ದರೂ ವೆಬಿನಾರ್. ಆಹ್ವಾನ ಮಾತ್ರ ಎಲ್ಲದಕ್ಕೂ ಒಂದೇ ಅಚ್ಚಿನದು: ನೋಂದಾಯಿಸಿ, ಕಾರ್ಯಕ್ರಮ ರೆಕಾರ್ಡ್ ಆಗುತ್ತದೆ, ಪ್ರಶ್ನೆಗಳನ್ನು ಮೊದಲೇ ಕಳುಹಿಸಿ. ಮೂರೂ ಸರಿಯಾದ ಮಾತೇ. ಆದರೆ ಮೂರನ್ನೂ ಅರ್ಧರ್ಧ ಹೇಳಿ ಬಿಟ್ಟಿರುತ್ತಾರೆ.

ಎಡವಟ್ಟು ಲಿಂಕಿನಿಂದಲೇ ಶುರುವಾಗುತ್ತದೆ. ಝೂಮ್‌ನಂಥ ವ್ಯವಸ್ಥೆಯಲ್ಲಿ ನೋಂದಣಿ ಇಟ್ಟರೆ ಲಿಂಕ್ ಎರಡು. ನೋಂದಣಿಯ ಲಿಂಕ್ ಎಲ್ಲರದು, ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬಹುದು. ನೋಂದಾಯಿಸಿದ ಮೇಲೆ ಮೇಲ್‌ಗೆ ಬರುವ ಸೇರ್ಪಡೆಯ ಲಿಂಕ್ ಆ ಒಬ್ಬರದು, ಅದರ ಜೊತೆ ಅವರ ಹೆಸರು ಅಂಟಿಕೊಂಡಿರುತ್ತದೆ. ಫೌಂಡ್ರಿಯಲ್ಲಿ ನಡೆಯುವುದು ಹೀಗೆ: ಆಫೀಸಿನ ಮೇಲ್ ವಿಳಾಸ ಕೊಟ್ಟು ಒಬ್ಬರು ನೋಂದಾಯಿಸುತ್ತಾರೆ, ಬಂದ ಲಿಂಕನ್ನು ಮೋಲ್ಡಿಂಗ್ ಸೂಪರ್‌ವೈಸರ್‌ಗೆ ದಾಟಿಸುತ್ತಾರೆ. ಸೂಪರ್‌ವೈಸರ್ ಆಫೀಸಿನವರ ಹೆಸರಿನಲ್ಲಿ ಒಳಗೆ ಹೋಗುತ್ತಾರೆ. ಒಂದು ಲಿಂಕಿಗೆ ಒಂದೇ ಸಾಧನ ಎಂದು ಆಯೋಜಕರು ಕಟ್ಟು ಹಾಕಿದ್ದರೆ ಇಬ್ಬರೂ ಒಟ್ಟಿಗೆ ಇರಲು ಆಗುವುದಿಲ್ಲ. ಪ್ರಮಾಣಪತ್ರ ಕೊಡುವ ಕಾರ್ಯಕ್ರಮವಾದರೆ, ಕೂತು ಕೇಳಿದವರು ಒಬ್ಬರು, ಹಾಜರಿ ಬಿದ್ದದ್ದು ಇನ್ನೊಬ್ಬರಿಗೆ. ‘ನಿಮಗೆ ಬಂದ ಲಿಂಕ್ ಬೇರೆಯವರಿಗೆ ಕಳಿಸಬೇಡಿ, ಈ ನೋಂದಣಿ ಲಿಂಕ್ ಕಳಿಸಿ’ ಎಂಬ ಒಂದು ಸಾಲು ಆಹ್ವಾನದಲ್ಲಿದ್ದರೆ ಇಷ್ಟೆಲ್ಲ ಆಗುವುದಿಲ್ಲ.

ನೆನಪೋಲೆಯದೂ ಇದೇ ಪಾಡು. ವಾರ, ದಿನ, ತಾಸು ಮೊದಲು ತಾನಾಗಿ ಹೋಗುವ ಹಾಗೆ ಅದನ್ನು ಹೊಂದಿಸಬಹುದು, ಆದರೆ ಅದು ಹೋಗುವುದು ಅದೇ ಆಫೀಸಿನ ಮೇಲ್‌ಗೆ. ಭಟ್ಟಿಯ ಮುಂದೆ ಇರುವವರಿಗೆ ತಾಸು ಮೊದಲಿನ ನೆನಪಿನಿಂದ ಏನು ಉಪಯೋಗ? ಹಿಂದಿನ ದಿನವೇ, ಪಾಳಿ ಬದಲಾಗುವ ಹೊತ್ತಿಗೆ, ಫೋನಿಗೆ ಬರಬೇಕು.

ಎಲ್ಲಕ್ಕಿಂತ ಹಗುರವಾಗಿ ಬರೆಯುವುದು ಪ್ರಶ್ನೆಯ ಸಾಲನ್ನು. ‘ಪ್ರಶ್ನೆ ಕಳುಹಿಸಿ’ ಎಂದರೆ ಬರುವುದು ‘ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ ಬರುತ್ತಿದೆ, ಏನು ಮಾಡಬೇಕು?’ ಎಂಬಂಥದ್ದು. ಇದಕ್ಕೆ ಪರಿಣತರು ಪಠ್ಯಪುಸ್ತಕ ಒಪ್ಪಿಸಬಹುದೇ ಹೊರತು ಬೇರೆ ದಾರಿಯಿಲ್ಲ. ಮರಳಿನಲ್ಲಿ ನೀರು ಹೆಚ್ಚಾದರೂ ತೂತು ಬೀಳುತ್ತದೆ, ಗಾಳಿ ಹಾಯುವ ಗುಣ ಕಡಿಮೆಯಾದರೂ ಬೀಳುತ್ತದೆ, ಕೋರ್ ಸರಿಯಾಗಿ ಒಣಗದಿದ್ದರೂ ಬೀಳುತ್ತದೆ. ಹಾಗಾಗಿ ಏನೇನು ಬರೆಯಬೇಕೆಂದು ಆಯೋಜಕರೇ ಹೇಳಿಬಿಡಬೇಕು. ತೂತು ಮೇಲಿನ ಪೆಟ್ಟಿಗೆಯ ಬದಿಗೋ ಕೋರ್ ಪಕ್ಕಕ್ಕೋ? ಆ ದಿನ ಮರಳಿನ ತೇವ ಶೇಕಡಾ ಎಷ್ಟಿತ್ತು? ಸುರಿಯುವಾಗ ಲೋಹದ ಉಷ್ಣತೆ ಎಷ್ಟು? ದಿನವಿಡೀ ಬಂತೋ ಪಾಳಿಯ ಮೊದಲ ಅಚ್ಚುಗಳಲ್ಲಷ್ಟೇ ಬಂತೋ? ಕೋರ್ ಪಕ್ಕಕ್ಕೇ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಕೋರನ್ನು. ಪಾಳಿಯ ಶುರುವಿನಲ್ಲಷ್ಟೇ ಬಂದರೆ ಆ ಹೊತ್ತಿನ ಮರಳಿನ ತೇವವನ್ನೂ ಲೋಹದ ಬಿಸಿಯನ್ನೂ ನೋಡಬೇಕು. ಇಷ್ಟು ಎರಡು ದಿನ ಮೊದಲು ಕೈಸೇರಿದರೆ ಉತ್ತರ ಆ ಅಚ್ಚಿಗೆ ಸಿಗುತ್ತದೆ. ಬರೆಯಲು ಹಿಂಜರಿಯುವವರು ಕನ್ನಡದಲ್ಲೋ ಮರಾಠಿಯಲ್ಲೋ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಲಿ. ಅದನ್ನು ಬರೆದುಕೊಳ್ಳುವ ಕೆಲಸ ಆಯೋಜಕರದು.

ಪ್ರಶ್ನೆಯ ಜೊತೆ ಫೋಟೋ ಬರುತ್ತದೆ. ರೆಕಾರ್ಡಿಂಗ್ ಸಂಗತಿ ಗಂಭೀರವಾಗುವುದು ಇಲ್ಲಿಯೇ. ಕಾಸ್ಟಿಂಗ್ ಮೇಲೆ ಗಿರಾಕಿ ಕಂಪನಿಯ ಗುರುತು, ಪಾರ್ಟ್ ನಂಬರ್ ಎರಕದಲ್ಲೇ ಮೂಡಿರುತ್ತವೆ. ಆ ಫೋಟೋ ಪರದೆಯ ಮೇಲೆ ಬಂದರೆ ಯಾರ ಮಾಲು ಎಲ್ಲಿ ರಿಜೆಕ್ಟ್ ಆಗುತ್ತಿದೆ ಎಂಬುದು ರೆಕಾರ್ಡಿಂಗ್‌ನಲ್ಲಿ ಉಳಿಯುತ್ತದೆ, ಪಕ್ಕದ ಫೌಂಡ್ರಿಯವರೂ ನೋಡುತ್ತಾರೆ. ನಂಬರ್ ಮುಚ್ಚಿ ಫೋಟೋ ತೆಗೆಯಿರಿ, ಪ್ರಶ್ನೆ ಓದುವಾಗ ಹೆಸರು ಹೇಳಬೇಕೋ ಬೇಡವೋ ತಿಳಿಸಿ ಎಂದು ಮೊದಲೇ ಹೇಳಬೇಕು. ವೆಬಿನಾರ್ ಮಾದರಿಯಲ್ಲಿ ಮಾತಾಡಲು ಬಿಡುವವರೆಗೆ ಕೇಳುಗರ ಮುಖವಾಗಲಿ ದನಿಯಾಗಲಿ ಹೊರಬರುವುದಿಲ್ಲ. ಮೀಟಿಂಗ್ ಮಾದರಿಯಲ್ಲಿ ಎರಡೂ ಬರಬಹುದು. ಯಾವ ಮಾದರಿ, ರೆಕಾರ್ಡಿಂಗ್ ಯಾರ ಬಳಿ, ಎಷ್ಟು ದಿನ ಇರುತ್ತದೆ ಎಂಬುದು ಗೊತ್ತಿಲ್ಲದೆ ಜನ ಯಾವುದಕ್ಕೆ ಒಪ್ಪಬೇಕು?

ಕಾರ್ಯಕ್ರಮ ಶುರುವಾದ ಮೇಲೆ ಪರದೆಯಲ್ಲಿ ಇಂಗ್ಲಿಷ್ ಸೂಚನೆ ಮೂಡುತ್ತದೆ, ಎಲ್ಲರೂ "Got it" ಒತ್ತಿ ಮುಂದೆ ಹೋಗುತ್ತಾರೆ. ಅದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯುವುದು ಆಯೋಜಕರ ಅನುಕೂಲ, ಅಷ್ಟೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಆ ಪಟ್ಟಿಯಲ್ಲಿ ಮರಾಠಿ ಇದೆ, ಕನ್ನಡವೂ ಇದೆ. ಗೋಕುಳ ಶಿರಗಾಂವದ ಆಹ್ವಾನಗಳಲ್ಲಿ ಈ ಸೂಚನೆ ಎರಡೂ ಭಾಷೆಯಲ್ಲಿ, ನೋಂದಣಿ ಬಟನ್‌ನ ಮೇಲ್ಗಡೆಯೇ ಇರಲಿ.