ಹಬ್ಬದ ಮರುದಿನದ ಉಪವಾಸ

ದೀಪಾವಳಿಯಂದು ಹೋಳಿಗೆ, ಕರಿಗಡುಬುಗಳನ್ನು ಮಿತಿಮೀರಿ ಉಂಡವನು ಮರುದಿನ ಊಟ ಬಿಟ್ಟು ಅದನ್ನು ತಪಸ್ಸೆಂದು ಭಾವಿಸುವುದುಂಟು. ಹಸಿವೇ ಇಲ್ಲದವನು ಅನ್ನ ಬಿಟ್ಟರೆ ತ್ಯಾಗವೆಲ್ಲಿ? ತುಪ್ಪ, ಎಣ್ಣೆಯ ತಿನಿಸು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹುಳಿತೇಗು ಅದರ ಸೂಚನೆ. ತೇಗು ನಿಂತು ಹಸಿವು ಮೂಡುವವರೆಗೆ ಜೀರಿಗೆ, ಒಣಶುಂಠಿಯ ಕಷಾಯವನ್ನು ಗುಟುಕುಗುಟುಕಾಗಿ ಸೇವಿಸಬಹುದು. ಹಸಿಶುಂಠಿ ಕಂದಮೂಲವಾದ್ದರಿಂದ ವರ್ಜ್ಯ. ಒಣಶುಂಠಿಗೆ ಆ ನಿಷೇಧವಿಲ್ಲ. ಹಸಿವಾದ ಮೇಲೆ, ಸೂರ್ಯಾಸ್ತಕ್ಕೆ ಮುನ್ನ, ತೆಳುಗಂಜಿ ಸಾಕು. ನೋವು, ವಾಂತಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ನಿಜವಾದ ತಪಸ್ಸಿಗೆ ಹಬ್ಬದ ಎಲೆಯೇ ಸ್ಥಳ. ಆರು ಬಾಹ್ಯ ತಪಸ್ಸುಗಳಲ್ಲಿ ಎರಡನೆಯದಾದ ಅವಮೌದರ್ಯವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಮೂರು ಹೋಳಿಗೆಯ ಹಸಿವಿದ್ದೂ ಎರಡಕ್ಕೇ ಕೈತೊಳೆದವನು ಆ ತಪಸ್ಸನ್ನು ಆಚರಿಸಿದವನು. ಅವನಿಗೆ ಮರುದಿನ ಕಷಾಯವೂ ಬೇಕಾಗದು.