ಹೆಸರು ಕದ್ದವನನ್ನು ಓಡಿಸುವ ಮೊದಲು ಅವನ ಗುರುತು ಹಿಡಿದಿಡಿರಿ



ಆಸ್ತಿಯೆಂದು ಹೇಳಿಕೊಳ್ಳುವಂಥದ್ದು ನಮ್ಮವರಲ್ಲಿ ಹೆಚ್ಚೇನೂ ಇಲ್ಲ. ಇರುವ ಒಂದು ಆಸ್ತಿಯೆಂದರೆ ಹೆಸರು. ತಿಂಗಳ ಕೊನೆಯಲ್ಲಿ ಹೋಟೆಲಿನ ಹುಡುಗರು ಒಬ್ಬರಿಂದೊಬ್ಬರು ಐನೂರು, ಸಾವಿರ ಕೈಗಡ ತೆಗೆದುಕೊಳ್ಳುವುದು ಕಾಗದಪತ್ರದ ಮೇಲಲ್ಲ. ‘ಇವನು ನಮ್ಮವನು, ಮಾತಿಗೆ ತಪ್ಪುವವನಲ್ಲ’ ಎಂಬ ನಂಬಿಕೆಯ ಮೇಲೆ. ಫೇಸ್‌ಬುಕ್ಕಿನಲ್ಲಿ ನಮ್ಮ ಹೆಸರನ್ನೂ ಭಾವಚಿತ್ರವನ್ನೂ ಇಟ್ಟುಕೊಂಡು ನಕಲಿ ಖಾತೆ ತೆರೆಯುವ ಕಳ್ಳರು ಈಗ ಕೈ ಹಾಕಿರುವುದು ಈ ನಂಬಿಕೆಗೇ.

ಇಂಥ ಖಾತೆ ಕಣ್ಣಿಗೆ ಬಿದ್ದೊಡನೆ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ‘ಎಲ್ಲರೂ ಕೂಡಲೇ ರಿಪೋರ್ಟ್ ಮಾಡಿರಿ’ ಎಂದು ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕುವುದು. ಉದ್ದೇಶ ಒಳ್ಳೆಯದೇ. ಆದರೆ ಈ ಕ್ರಮ ಸರಿಯಲ್ಲವೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಮೊದಲು ಸಾಕ್ಷ್ಯ, ಆಮೇಲೆ ದೂರು. ಏಕೆ ಹೀಗೆಂದು ಒಂದು ಪ್ರಸಂಗದಿಂದ ತಿಳಿಸುತ್ತೇವೆ.

2025ರ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ ಹೆಸರಿನಲ್ಲಿ ನಕಲಿ ಖಾತೆ ಹುಟ್ಟಿತು. ಅವರು ಕುಂದಾಪುರದ ಕಡೆಯವರು, ಮುಂಬಯಿಯ ಹೋಟೆಲೊಂದರಲ್ಲಿ ಸಪ್ಲೈಯರ್. ಕಳ್ಳನು ಅವರ ಸ್ನೇಹಿತರ ಪಟ್ಟಿಯನ್ನು ನೋಡಿ ಒಬ್ಬೊಬ್ಬರಿಗೂ ಸ್ನೇಹದ ಕೋರಿಕೆ ಕಳುಹಿಸಿದ. ಒಪ್ಪಿಕೊಂಡವರಿಗೆಲ್ಲ ಮೆಸೆಂಜರಿನಲ್ಲಿ ‘ಬ್ರೋ, ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ನಾಲ್ಕು ಸಾವಿರ ಕಳುಹಿಸು’ ಎಂದು ಬರೆದ. ನಮ್ಮ ಸದಸ್ಯರು ಯಾರನ್ನೂ ‘ಬ್ರೋ’ ಎಂದು ಕರೆದವರಲ್ಲ. ಅವರ ಬಾಯಲ್ಲಿ ಬರುವುದು ‘ಅಣ್ಣಾ’, ಇಲ್ಲವೆ ‘ಮಾರಾಯ್ರೆ’. ಕೆಲವರು ಇದರಿಂದಲೇ ಮೋಸವನ್ನು ತಿಳಿದರು. ಆದರೆ ಆಸ್ಪತ್ರೆಯೆಂಬ ಮಾತು ಕೇಳಿ ಮನ ಕರಗಿದ ನಿವೃತ್ತ ಗಿರಣಿ ಕಾರ್ಮಿಕರೊಬ್ಬರು ಪಿಂಚಣಿಯ ಹಣದಿಂದ 4,000 ರೂಪಾಯಿ ಕಳುಹಿಸಿಬಿಟ್ಟರು.

ಸದಸ್ಯರು ಸಂಘದ ಕಚೇರಿಗೆ ಬರುವ ಹೊತ್ತಿಗೆ ಹೋಟೆಲಿನ ಹುಡುಗರು ಇಪ್ಪತ್ತು ಮಂದಿ ರಿಪೋರ್ಟ್ ಮಾಡಿ ಆಗಿತ್ತು. ಒಬ್ಬ ‘ಸ್ಪ್ಯಾಮ್’ ಎಂದಿದ್ದ, ಇನ್ನೊಬ್ಬ ‘ಕಿರುಕುಳ’ ಎಂದಿದ್ದ, ಮತ್ತೊಬ್ಬ ಖಾತೆಯನ್ನು ಬಿಟ್ಟು ಅದರಲ್ಲಿದ್ದ ಭಾವಚಿತ್ರವನ್ನು ಮಾತ್ರ ರಿಪೋರ್ಟ್ ಮಾಡಿದ್ದ. ಎಲ್ಲರಿಗೂ ಬಂದ ಉತ್ತರ ಒಂದೇ: ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ.

ಆ ದಿನ ಖಾತೆ ಉಳಿದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಏಕೆಂದರೆ ಕಂಪನಿಯು ಖಾತೆಯನ್ನು ಕಿತ್ತುಹಾಕಿದ ಮೇಲೆ ಅದರ ಪುಟ ಯಾರಿಗೂ ತೆರೆಯುವುದಿಲ್ಲ. ಹಣ ಕೇಳಿದ ಮಾತುಕತೆ ಕಳುಹಿಸಿಕೊಂಡವನ ಫೋನಿನಲ್ಲಿ ಉಳಿದರೂ ಹೆಸರಿದ್ದ ಜಾಗದಲ್ಲಿ ಬರಿಯ ‘ಫೇಸ್‌ಬುಕ್ ಬಳಕೆದಾರ’ ಎಂದಿರುತ್ತದೆ, ಭಾವಚಿತ್ರವೂ ಮಾಯ. ಯಾರ ಹೆಸರಿನಲ್ಲಿ ಮೋಸವಾಯಿತು ಎಂಬುದಕ್ಕೇ ಆಗ ಆಧಾರವಿಲ್ಲ. ಪೊಲೀಸ್ ಠಾಣೆಯಲ್ಲಿ ಬರಿಗೈಯಿಂದ ನಿಲ್ಲಬೇಕಾಗುತ್ತದೆ.

ಹಾಗಾದರೆ ಏನೇನು ಕೂಡಿಸಬೇಕು? ಹದಿನೈದು ಇಪ್ಪತ್ತು ನಿಮಿಷದ ಕೆಲಸ ಇದು.

ಎಲ್ಲಕ್ಕಿಂತ ಮೊದಲನೆಯದು ಖಾತೆಯ ವಿಳಾಸ, ಅಂದರೆ ಲಿಂಕ್. ಹೆಸರು ಸಾಲದು, ಒಂದೇ ಹೆಸರಿನವರು ನೂರಾರು ಮಂದಿ ಇರುತ್ತಾರೆ, ಕಳ್ಳನೂ ನಾಳೆ ಹೆಸರು ಬದಲಿಸಬಹುದು. ನಕಲಿ ಖಾತೆಯ ಪುಟದಲ್ಲಿ ಮೂರು ಚುಕ್ಕೆಗಳನ್ನು ಒತ್ತಿದರೆ Copy link ಎಂದು ಸಿಗುತ್ತದೆ. ಅದನ್ನು ಬೇರೆಡೆ ಬರೆದಿಟ್ಟುಕೊಳ್ಳಿರಿ. ಬಹಳಷ್ಟು ಹೊಸ ಖಾತೆಗಳ ವಿಳಾಸ ಈ ರೂಪದಲ್ಲಿದ್ದು, ಕೊನೆಗೆ ಉದ್ದವಾದ ಒಂದು ಅಂಕಿ ಇರುತ್ತದೆ:

```
facebook.com/profile.php?id=
```

ಹೆಸರು ಬದಲಾದರೂ ಈ ಅಂಕಿ ಬದಲಾಗುವುದಿಲ್ಲ. ಕಂಪನಿಯೇ ಆಗಲಿ ಪೊಲೀಸರೇ ಆಗಲಿ ಖಾತೆಯನ್ನು ಹುಡುಕುವುದು ಇದರಿಂದ.

ಎರಡನೆಯದು, ಹಣ ಕೇಳಿದ ಮಾತುಕತೆಯ ಚಿತ್ರ. ಇಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಮಾತುಕತೆಯ ಸ್ಕ್ರೀನ್‌ಶಾಟಿನಲ್ಲಿ ಕಾಣುವುದು ಹೆಸರು ಮತ್ತು ಸಣ್ಣ ಭಾವಚಿತ್ರ ಮಾತ್ರ. ಅವೆರಡೂ ಅಸಲಿ ಖಾತೆಯಲ್ಲಿಯೂ ಹಾಗೆಯೇ ಇರುತ್ತವೆ. ಈ ಮಾತು ನಕಲಿ ಖಾತೆಯಿಂದಲೇ ಬಂದದ್ದೆಂದು ತೋರಿಸಬೇಕಾದರೆ ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಮಾತುಕತೆಯನ್ನು ಮೊದಲಿನಿಂದ ಕೊನೆಯವರೆಗೆ ಸರಿಸಿ, ಆಮೇಲೆ ಮೇಲಿನ ಹೆಸರನ್ನು ಒತ್ತಿ ಆ ಖಾತೆಯ ಪುಟಕ್ಕೆ ಹೋಗಬೇಕು. ಎರಡೂ ಒಂದೇ ಓಟದಲ್ಲಿ ದಾಖಲಾಗಬೇಕು. ದಿನ, ಗಂಟೆ, ಹಣ ಹಾಕಲು ಕೊಟ್ಟ ಫೋನ್ ನಂಬರು ಅಥವಾ ಯುಪಿಐ ವಿಳಾಸ, ಇವು ಚೆನ್ನಾಗಿ ಕಾಣಬೇಕು. ಚಿತ್ರವನ್ನು ಕತ್ತರಿಸಬಾರದು, ಮೇಲೆ ಕೆಂಪು ಗೆರೆ ಎಳೆಯಬಾರದು. ಸಿಟ್ಟಿನಿಂದ ಆ ಮಾತುಕತೆಯನ್ನು ಅಳಿಸಲೂ ಬಾರದು. ಮೂಲ ಫೋನಿನಲ್ಲಿಯೇ ಅದು ಇರಲಿ.

ಈ ಕೆಲಸವನ್ನು ಹೆಸರು ಕಳಕೊಂಡವರಿಗಿಂತ ಅವರ ಸ್ನೇಹಿತರೇ ಮಾಡಬೇಕಾಗಿ ಬರುವುದುಂಟು. ಕಳ್ಳನು ಜಾಣನಾದರೆ ಅಸಲಿ ಮನುಷ್ಯನನ್ನು ಮೊದಲೇ ಬ್ಲಾಕ್ ಮಾಡಿರುತ್ತಾನೆ. ಊರಿಗೆಲ್ಲ ಕಾಣುವ ಖಾತೆ ಅವನೊಬ್ಬನಿಗೆ ಕಾಣುವುದಿಲ್ಲ. ನಮ್ಮ ಸದಸ್ಯರಿಗೂ ಹೀಗೆಯೇ ಆಗಿತ್ತು. ಲಿಂಕನ್ನೂ ರೆಕಾರ್ಡಿಂಗನ್ನೂ ತೆಗೆದುಕೊಟ್ಟವರು ಅವರ ರೂಮಿನ ಸಂಗಾತಿ.

ಮೂರನೆಯದು ಹಣ ಹೋಗಿದ್ದರೆ ಅದರ ವಿವರ: ಎಷ್ಟು, ಎಂದು, ಎಷ್ಟು ಗಂಟೆಗೆ, ಯಾವ ಬ್ಯಾಂಕಿನಿಂದ, ಮತ್ತು ಯುಪಿಐ ರಸೀದಿಯ ಮೇಲಿರುವ 12 ಅಂಕಿಗಳ ಯುಟಿಆರ್ ನಂಬರು. ಆದರೆ ಒಂದು ಮಾತು ಮರೆಯಬಾರದು. ಹಣ ಹೋಗಿದೆಯೆಂದಾದರೆ ಸಾಕ್ಷ್ಯ ಕೂಡಿಸುತ್ತ ಕೂರುವ ಕಾಲವಲ್ಲ ಅದು. ಹಣ ಕಳಕೊಂಡವರು ಆ ಕ್ಷಣವೇ 1930 ನಂಬರಿಗೆ ಫೋನ್ ಮಾಡಬೇಕು. ಹಣ ಕಳ್ಳನ ಖಾತೆಯಲ್ಲಿ ಇನ್ನೂ ಇದ್ದರೆ ಅದನ್ನು ತಡೆಹಿಡಿಯಲು ಸಾಧ್ಯ; ಅಲ್ಲಿಂದ ಹೊರಟರೆ ಕಷ್ಟ. ನಮ್ಮ ಗಿರಣಿಯ ಹಿರಿಯರಿಗೆ ವಿಷಯ ತಿಳಿದದ್ದು ಮರುದಿನ. ಅವರ ಹಣ ಹಿಂದಿರುಗಲಿಲ್ಲ.

ಇಷ್ಟಾದ ಮೇಲೆ ಕಂಪನಿಗೆ ದೂರು. ನಕಲಿ ಖಾತೆಯ ಪುಟದಲ್ಲಿ ಅದೇ ಮೂರು ಚುಕ್ಕೆಗಳನ್ನು ಒತ್ತಿ Report profile ಎಂಬುದನ್ನು ಆರಿಸಬೇಕು. ಕಾರಣ ಕೇಳಿದಲ್ಲಿ ‘ಬೇರೆಯವರಂತೆ ನಟಿಸುತ್ತಿದ್ದಾರೆ’ ಎಂಬ ಅರ್ಥದ್ದನ್ನೇ ಆರಿಸಬೇಕು, ಬೇರೊಂದನ್ನಲ್ಲ. ಯಾರಂತೆ ಎಂದು ಕೇಳಿದರೆ ಹೆಸರು ಕಳಕೊಂಡವರು Me ಎಂದೂ, ಸ್ನೇಹಿತರು A friend ಎಂದೂ ಒತ್ತಬೇಕು. ಇಪ್ಪತ್ತು ಮಂದಿ ಇಪ್ಪತ್ತು ಕಾರಣ ಕೊಡುವುದಕ್ಕಿಂತ ಅಸಲಿ ಮನುಷ್ಯ ಒಂದೇ ಸರಿಯಾದ ಕಾರಣ ಕೊಡುವುದಕ್ಕೆ ತೂಕ ಹೆಚ್ಚು. ಬ್ಲಾಕ್ ಆಗಿರುವವರೂ, ಖಾತೆಯೇ ಇಲ್ಲದವರೂ ಫೇಸ್‌ಬುಕ್ಕಿನ ಸಹಾಯ ವಿಭಾಗದಲ್ಲಿರುವ ಅರ್ಜಿಯನ್ನು ತುಂಬಬಹುದು. ಅದಕ್ಕೆ ಗುರುತಿನ ಚೀಟಿಯ ಚಿತ್ರ ಬೇಕು. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿಗಳನ್ನು ಮುಚ್ಚಿದ ಪ್ರತಿಯನ್ನೇ ಕೊಡಿರಿ.

ನಮ್ಮ ಸದಸ್ಯರ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಅವರ ಅಸಲಿ ಖಾತೆಯಲ್ಲಿ ಹೆಸರು ‘ಕುಂದಾಪ್ರದ ಹುಡುಗ’, ಚಿತ್ರ ಯಕ್ಷಗಾನದ ವೇಷ. ನಕಲಿ ಖಾತೆಯಲ್ಲಿ ಪೂರ್ಣ ಹೆಸರೂ, ಮದುವೆಮನೆಯಲ್ಲಿ ಯಾರೋ ತೆಗೆದ ಸ್ಪಷ್ಟವಾದ ಭಾವಚಿತ್ರವೂ ಇದ್ದವು. ನೋಡಿದವರಿಗೆ ಕಳ್ಳನೇ ಅಸಲಿಯಂತೆ, ಇವರೇ ನಕಲಿಯಂತೆ! ಅಸಲಿ ಖಾತೆಗೆ ಗುರುತಿನ ಚೀಟಿಯಲ್ಲಿರುವ ಹೆಸರನ್ನೂ ಮುಖದ ಚಿತ್ರವನ್ನೂ ಹಾಕಿಸಿ, ಅರ್ಜಿಯ ಜೊತೆಗೆ ಮತದಾರರ ಚೀಟಿಯನ್ನಿಟ್ಟು ಕಳುಹಿಸಿದೆವು. ಮರುದಿನ ನಕಲಿ ಖಾತೆ ಹೋಯಿತು.

ಹೋಗದಿದ್ದರೆ? ಸುಮ್ಮನಿರಬೇಕಾಗಿಲ್ಲ. ಕೇಂದ್ರ ಸರ್ಕಾರದ 2021ರ ಐ.ಟಿ. ನಿಯಮಗಳ ಪ್ರಕಾರ ಇಂಥ ಕಂಪನಿಗಳು ದೂರು ಕೇಳುವ ಅಧಿಕಾರಿಯನ್ನು ನೇಮಿಸಲೇಬೇಕು. ಒಬ್ಬನ ಹೆಸರಿನಲ್ಲಿ ಇನ್ನೊಬ್ಬನು ನಟಿಸುತ್ತಿದ್ದಾನೆಂದು ಆ ಮನುಷ್ಯನೇ, ಅಥವಾ ಅವನ ಪರವಾಗಿ ಇನ್ನೊಬ್ಬರು, ದೂರಿತ್ತರೆ ಅದನ್ನು ತೆಗೆಯಲು 2 ಗಂಟೆಗಳನ್ನು ಮೀರುವಂತಿಲ್ಲ. ಅಧಿಕಾರಿಯ ಉತ್ತರ ಸರಿಯಿಲ್ಲವಾದರೆ 30 ದಿನಗಳ ಒಳಗೆ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಅಪೀಲು ಹಾಕಬಹುದು, ಶುಲ್ಕವಿಲ್ಲ. ಈ ಹಕ್ಕು ನಡೆಯುವುದೂ ಕಾಗದದ ಮೇಲೆಯೇ: ದೂರಿನ ದಿನ, ಗಂಟೆ, ಬಂದ ಉತ್ತರ ಎಲ್ಲವೂ ನಮ್ಮ ಕೈಯಲ್ಲಿರಬೇಕು.

ಪೊಲೀಸರಿಗೆ ದೂರು cybercrime.gov.in ನಲ್ಲಿ ಕೊಡಬಹುದು, ಠಾಣೆಯಲ್ಲಿಯೂ ಕೊಡಬಹುದು. ‘ನೀನು ಊರಿನವನು, ಊರಿನಲ್ಲಿ ದೂರು ಕೊಡು’ ಎಂದು ಹೇಳಿದರೆ ಒಪ್ಪಬೇಡಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಕಂಪ್ಯೂಟರು, ಫೋನುಗಳ ಮೂಲಕ ಬೇರೊಬ್ಬನಂತೆ ನಟಿಸಿ ಮೋಸ ಮಾಡುವುದಕ್ಕೆ ಐ.ಟಿ. ಕಾಯಿದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆಯೂ ಒಂದು ಲಕ್ಷದವರೆಗೆ ದಂಡವೂ ಇದೆ.

ಖಾತೆ ತೆಗೆಸಿದ ಮಾತ್ರಕ್ಕೆ ಕಳ್ಳ ಸಿಕ್ಕಿದಂತಲ್ಲ. ಅವನು ಇನ್ನೊಂದು ತೆರೆಯಬಹುದು. ಆದುದರಿಂದ ಫೇಸ್‌ಬುಕ್ಕಿನಲ್ಲಿ ಸ್ನೇಹಿತರ ಪಟ್ಟಿಯನ್ನು Only me ಎಂದು ಮಾಡಿಡಿರಿ. ಪಟ್ಟಿ ಕಾಣದಿದ್ದರೆ ಯಾರಿಗೆ ಬಲೆ ಬೀಸಬೇಕೆಂದು ಅವನಿಗೆ ಸುಲಭವಾಗಿ ತಿಳಿಯದು. ‘ದುಡ್ಡು ಕೊಟ್ಟರೆ ಖಾತೆ ತೆಗೆಸಿಕೊಡುತ್ತೇನೆ, ಒಟಿಪಿ ಹೇಳು’ ಎನ್ನುವವನೂ ಅದೇ ಜಾತಿಯ ಕಳ್ಳನೆಂದು ತಿಳಿಯಿರಿ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಸೂಚನೆ. ಈ ಅರ್ಜಿಗಳನ್ನೆಲ್ಲ ಹನ್ನೆರಡು ಗಂಟೆ ನಿಂತು ದುಡಿದ ಹುಡುಗನು ರಾತ್ರಿ ಒಬ್ಬನೇ ಕೂತು ತುಂಬಲಿ ಎಂದು ಬಿಡುವುದು ನ್ಯಾಯವಲ್ಲ. ವಾಚನಾಲಯದಲ್ಲಿ ವಾರಕ್ಕೆ ಒಂದು ಸಂಜೆ ಇದಕ್ಕಾಗಿ ಒಂದು ಮೇಜು ಇರಲಿ; ಓದಿದ ಇಬ್ಬರು ತರುಣರು ಕೂರಲಿ; ಪ್ರತಿಯೊಂದು ಪ್ರಕರಣದ ಲಿಂಕು, ನಂಬರು, ದಿನಾಂಕ ಒಂದು ದಪ್ಪ ವಹಿಯಲ್ಲಿ ದಾಖಲಾಗಲಿ. ಒಂದೇ ಯುಪಿಐ ನಂಬರು ಮೂವರು ಸದಸ್ಯರ ಪ್ರಕರಣದಲ್ಲಿ ಕಂಡುಬಂದರೆ ಠಾಣೆಗೆ ಮೂವರೂ ಒಟ್ಟಾಗಿ ಹೋಗಬಹುದು. ಒಬ್ಬ ಮಾಣಿಯ ನಾಲ್ಕು ಸಾವಿರದ ದೂರನ್ನು ಬದಿಗಿಡುವವರು ಮೂರು ದೂರು ಒಟ್ಟಿಗೆ ಬಂದಾಗ ಹಾಗೆ ಮಾಡಲಾರರು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆಯನ್ನು ಮಂಡಿಸುತ್ತೇವೆ. ಸದಸ್ಯರು ಬಂದು ಚರ್ಚಿಸಬೇಕಾಗಿ ವಿನಂತಿ.