ಒಂದೇ ಸಾಲಿನಲ್ಲಿ ಎರಡು ಅಳತೆ

ಕೊಳ್ಳೇಗಾಲದ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲಾಗಲಿ, ಹನೂರು ಯಳಂದೂರುಗಳ ಬೇಕರಿಗಳಲ್ಲಾಗಲಿ, ಖಾರದ ಮಿಕ್ಸ್ಚರ್ ಪೊಟ್ಟಣವೊಂದನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಪೌಷ್ಟಿಕಾಂಶದ ಪಟ್ಟಿ ಕಾಣುತ್ತದೆ. ಎಡಗಡೆ ಹೆಸರು, ನಡುವೆ ಒಂದು ಅಂಕಿ, ಬಲಗಡೆ ಶೇಕಡಾವಾರು. ಒಂದೇ ಸಾಲಿನಲ್ಲಿ ಕೂತಿರುವುದರಿಂದ ನಡುವಿನ ಅಂಕಿ, ಬಲಗಡೆಯ ಶೇಕಡಾ ಎರಡೂ ಒಂದೇ ಪ್ರಮಾಣದ ತಿಂಡಿಯ ಲೆಕ್ಕ ಎಂದು ಕಣ್ಣು ನಂಬುತ್ತದೆ. ಆದರೆ ಬಹಳಷ್ಟು ಪೊಟ್ಟಣಗಳಲ್ಲಿ ಅದು ಹಾಗಿಲ್ಲ. ನಡುವಿನದು 100 ಗ್ರಾಮಿನ ಲೆಕ್ಕ, ಬಲಗಡೆಯದು ಒಂದು ಸರ್ವಿಂಗ್‌ನ ಲೆಕ್ಕ.

ಇದು ಮುದ್ರಣದ ತಪ್ಪಲ್ಲ, ನಿಯಮವೇ ಹೀಗಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಪೋಷಕಾಂಶಗಳನ್ನು 100 ಗ್ರಾಂ ಅಥವಾ 100 ಮಿ.ಲೀ.ಗೆ, ಇಲ್ಲವೇ ಒಮ್ಮೆಗೇ ತಿಂದು ಮುಗಿಸುವ ಪೊಟ್ಟಣವಾದರೆ ಇಡೀ ಪೊಟ್ಟಣಕ್ಕೆ ಲೆಕ್ಕ ಹಾಕಿ ಬರೆಯಬೇಕು. ಅದರ ಜೊತೆಗೆ ಒಂದು ಸರ್ವಿಂಗ್ ತಿಂದರೆ ದಿನದ ಅಗತ್ಯದಲ್ಲಿ ಶೇಕಡಾ ಎಷ್ಟು ಮುಗಿಯುತ್ತದೆ ಎಂಬುದನ್ನೂ ತಿಳಿಸಬೇಕು. ದಿನದ ಅಗತ್ಯವೆಂದರೆ ಸರಾಸರಿ ವಯಸ್ಕರಿಗೆ 2000 ಕಿಲೋ ಕ್ಯಾಲೊರಿ ಶಕ್ತಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, 2 ಗ್ರಾಂ ಟ್ರಾನ್ಸ್ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ. ಸರ್ವಿಂಗ್ ಎಷ್ಟು ಗ್ರಾಂ, ಪೊಟ್ಟಣದಲ್ಲಿ ಎಷ್ಟು ಸರ್ವಿಂಗ್ ಎಂಬುದು ಪಟ್ಟಿಯ ಮೇಲೋ ಕೆಳಗೋ ಸಣ್ಣ ಅಕ್ಷರದ ಒಂದು ಸಾಲಿನಲ್ಲಿರುತ್ತದೆ. ಎರಡು ಕಾಲಂಗಳನ್ನು ಕೂಡಿಸುವುದು ಆ ಸಾಲು ಮಾತ್ರ.

ಲೆಕ್ಕಕ್ಕೆಂದು 150 ಗ್ರಾಮಿನ ಒಂದು ಮಿಕ್ಸ್ಚರ್ ಪೊಟ್ಟಣವನ್ನು ಇಟ್ಟುಕೊಳ್ಳೋಣ. ಸರ್ವಿಂಗ್ 30 ಗ್ರಾಂ, ಪೊಟ್ಟಣದಲ್ಲಿ 5 ಸರ್ವಿಂಗ್. ಅಂಕಿಗಳು ಯಾವುದೇ ಕಂಪನಿಯವಲ್ಲ, ಉದಾಹರಣೆಗೆ ನಾನೇ ಇಟ್ಟವು.

| | 100 ಗ್ರಾಮಿಗೆ | ಒಂದು ಸರ್ವಿಂಗ್‌ನಿಂದ ದಿನದ ಅಗತ್ಯದ ಶೇ. |
|---|---|---|
| ಶಕ್ತಿ | 549 ಕಿ.ಕ್ಯಾಲೊರಿ | 8.2 |
| ಪ್ರೋಟೀನ್ | 12 ಗ್ರಾಂ | – |
| ಕಾರ್ಬೋಹೈಡ್ರೇಟ್ | 42 ಗ್ರಾಂ | – |
| ಒಟ್ಟು ಸಕ್ಕರೆ | 3 ಗ್ರಾಂ | – |
| ಸೇರಿಸಿದ ಸಕ್ಕರೆ | 1 ಗ್ರಾಂ | 0.6 |
| ಒಟ್ಟು ಕೊಬ್ಬು | 37 ಗ್ರಾಂ | 16.6 |
| ಸ್ಯಾಚುರೇಟೆಡ್ ಕೊಬ್ಬು | 11 ಗ್ರಾಂ | 15 |
| ಟ್ರಾನ್ಸ್ ಕೊಬ್ಬು | 0.1 ಗ್ರಾಂ | 1.5 |
| ಕೊಲೆಸ್ಟರಾಲ್ | 0 ಮಿ.ಗ್ರಾಂ | – |
| ಸೋಡಿಯಂ | 800 ಮಿ.ಗ್ರಾಂ | 12 |

ಕೊನೆಯ ಸಾಲನ್ನು ಓದಿದವರು 800 ಮಿಲಿಗ್ರಾಂ ಎಂದರೆ ದಿನದ ಶೇ. 12 ಎಂದುಕೊಳ್ಳುತ್ತಾರೆ. ನಿಜವಾಗಿ 800 ಮಿಲಿಗ್ರಾಂ ದಿನದ ಶೇ. 40. ಶೇ. 12 ಎಂಬುದು 30 ಗ್ರಾಮಿನಲ್ಲಿರುವ 240 ಮಿಲಿಗ್ರಾಮಿನ ಲೆಕ್ಕ. ಸಂಜೆ ಇಬ್ಬರು ಕೂತು ಪೊಟ್ಟಣ ಖಾಲಿ ಮಾಡಿದರೆ 1200 ಮಿಲಿಗ್ರಾಂ ಸೋಡಿಯಂ, ಅಂದರೆ 3 ಗ್ರಾಂ ಉಪ್ಪು, ಹೊಟ್ಟೆಗೆ ಹೋಗುತ್ತದೆ. ತಲಾ ಶೇ. 30. ಕೊಬ್ಬಿನದು ಇನ್ನೂ ಹೆಚ್ಚು, ತಲಾ ಶೇ. 41ಕ್ಕಿಂತ ಮೇಲೆ. ಪಟ್ಟಿಯಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ. ಆದರೂ ಓದಿದವರ ಮನಸ್ಸಿನಲ್ಲಿ ಉಳಿಯುವುದು ಹನ್ನೆರಡು ಮತ್ತು ಹದಿನಾರು.

ಸರ್ವಿಂಗ್ ಕಾಲಂ ಬೇಡ ಎನ್ನುವವರ ವಾದ ಇಲ್ಲಿಂದಲೇ ಹುಟ್ಟುತ್ತದೆ. ಸರ್ವಿಂಗ್ ಎಷ್ಟೆಂದು ನಿರ್ಧರಿಸುವುದು ತಯಾರಕರು. ಸರ್ವಿಂಗ್ ಚಿಕ್ಕದಾದಷ್ಟೂ ಶೇಕಡಾ ಚಿಕ್ಕದಾಗುತ್ತದೆ. ಒಬ್ಬರು 20 ಗ್ರಾಂ, ಇನ್ನೊಬ್ಬರು 30 ಗ್ರಾಂ ಎಂದು ಬರೆದರೆ ಎರಡು ಪೊಟ್ಟಣಗಳನ್ನು ಪಕ್ಕಪಕ್ಕ ಹಿಡಿದು ಹೋಲಿಸಲು ಬರುವುದಿಲ್ಲ. 100 ಗ್ರಾಮಿನ ಕಾಲಂನಲ್ಲಿ ಈ ಆಟ ನಡೆಯದು. ಅದು ಎಲ್ಲರಿಗೂ ಒಂದೇ ತಕ್ಕಡಿ. ಇನ್ನು ದಿನದ ಅಗತ್ಯ ಎಂಬುದೇ ಯಾರದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕಿಲೋ ಕ್ಯಾಲೊರಿ, ಮೈಮುರಿದು ದುಡಿಯುವ ಗಂಡಸಿಗೆ 3470, ನಾಲ್ಕರಿಂದ ಆರು ವರ್ಷದ ಮಗುವಿಗೆ 1360. ಕೊಳ್ಳೇಗಾಲದ ಸುತ್ತಿನ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೂ ಅಂಗನವಾಡಿಯ ಮಗುವಿಗೂ ಪಟ್ಟಿ ಹೇಳುವುದು ಅದೇ 2000. ಆ ಮಗು ನಮ್ಮ ಮಿಕ್ಸ್ಚರ್ 30 ಗ್ರಾಂ ತಿಂದರೆ ಅದರ ದಿನದ ಶಕ್ತಿಯಲ್ಲಿ ಶೇ. 12 ಮುಗಿಯುತ್ತದೆ, ಪಟ್ಟಿ ಹೇಳುವ ಶೇ. 8.2 ಅಲ್ಲ.

ಇಷ್ಟನ್ನು ಕೇಳಿದ ಮೇಲೆ ಸರ್ವಿಂಗ್ ಕಾಲಂ ತೆಗೆದೇ ಹಾಕಬೇಕು ಅನ್ನಿಸಬಹುದು. ಆದರೆ ಉಪ್ಪಿನಕಾಯಿ ಬಾಟಲಿಯನ್ನು ಕೈಗೆ ತೆಗೆದುಕೊಂಡರೆ ವಾದ ತಿರುಗುತ್ತದೆ. 100 ಗ್ರಾಂ ಉಪ್ಪಿನಕಾಯಿಯಲ್ಲಿ 4000 ಮಿಲಿಗ್ರಾಂ ಸೋಡಿಯಂ ಇದೆ ಎಂದು ಬರೆದರೆ ಎರಡು ದಿನದ ಅಗತ್ಯ ಅದರೊಳಗೇ ಇದೆ ಎಂದಾಯಿತು. ಆದರೆ 100 ಗ್ರಾಂ ಉಪ್ಪಿನಕಾಯಿಯನ್ನು ಯಾರೂ ಒಂದು ದಿನ ತಿನ್ನುವುದಿಲ್ಲ. ಮೊಸರನ್ನದ ಜೊತೆ 10 ಗ್ರಾಂ ನಂಜಿಕೊಂಡರೆ ಶೇ. 20. ತಿನ್ನುವವರಿಗೆ ಬೇಕಾದ ಅಂಕಿ ಅದು. ರಾಗಿ ಮಾಲ್ಟ್ ಪುಡಿಯದೂ ಇದೇ ಕಥೆ. ಒಂದು ಲೋಟಕ್ಕೆ 25 ಗ್ರಾಂ ಪುಡಿ ಕಲಸುವವರಿಗೆ 100 ಗ್ರಾಮಿನ ಲೆಕ್ಕ ಕೊಟ್ಟರೆ ಅದನ್ನು ನಾಲ್ಕರಿಂದ ಭಾಗಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. ಗ್ರಾಂ, ಮಿಲಿಗ್ರಾಂಗಳ ಪರಿಚಯವಿಲ್ಲದವರಿಗೂ ದಿನದಲ್ಲಿ ಇಷ್ಟು ಪಾಲು ಎಂಬ ಮಾತು ತಿಳಿಯುತ್ತದೆ. ಶೇಕಡಾ ಕಾಲಂನ ಪರ ಇರುವ ಅತಿ ಗಟ್ಟಿ ವಾದ ಇದೇ ಎಂದು ನನಗೆ ಅನ್ನಿಸುತ್ತದೆ. ಸರಾಸರಿ ಎಂಬುದು ಯಾರೊಬ್ಬರಿಗೂ ಸರಿಯಾಗಿ ಹೊಂದುವುದಿಲ್ಲ, ನಿಜ. ಹಾಗೆಂದು ಅಳತೆಗೋಲೇ ಇಲ್ಲದಿದ್ದರೆ 800 ಹೆಚ್ಚೋ ಕಡಿಮೆಯೋ ಹೇಳುವುದು ಹೇಗೆ?

ಪಟ್ಟಿಯನ್ನು ಮಾಡುವವರ ಕಡೆಯಿಂದಲೂ ನೋಡಬೇಕು. ದೊಡ್ಡ ಕಂಪನಿಗೆ ಪ್ರಯೋಗಾಲಯವಿದೆ. ಹುರಿಹಿಟ್ಟು, ಚಟ್ನಿಪುಡಿ ಮಾಡಿ ಮಾರುವ ಸ್ವಸಹಾಯ ಸಂಘದ ಹೆಂಗಸರಿಗೆ ಅರಿಶಿನ ಪುಡಿಯಂಥ ಮಸಾಲೆ ಪದಾರ್ಥವಾದರೆ ಈ ಪಟ್ಟಿಯ ಗೊಡವೆಯೇ ಇಲ್ಲ, ನಿಯಮ ವಿನಾಯಿತಿ ಕೊಟ್ಟಿದೆ. ನಾಲ್ಕಾರು ಪದಾರ್ಥ ಬೆರೆಸಿದ ಮಾಲ್ಟ್ ಆದರೆ ಪಟ್ಟಿ ಬೇಕು. ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸುವುದು ಒಂದು ದಾರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳಿಂದ ಪದಾರ್ಥವಾರು ಲೆಕ್ಕ ಕಟ್ಟುವುದು ಇನ್ನೊಂದು.

ಈ ಎರಡನೆಯ ದಾರಿಯಲ್ಲಿ ಒಂದು ಗುಂಡಿ ಇದೆ. ಆ ಕೋಷ್ಟಕಗಳು ಶಕ್ತಿಯನ್ನು ಕಿಲೋಜೂಲ್‌ಗಳಲ್ಲಿ ಕೊಡುತ್ತವೆ. 100 ಗ್ರಾಂ ರಾಗಿಗೆ 1342 ಎಂದಿದೆ. ಪೊಟ್ಟಣದ ಸಾಲಿನಲ್ಲಿ ಬೇಕಾದದ್ದು ಕಿಲೋ ಕ್ಯಾಲೊರಿ. 4.184ರಿಂದ ಭಾಗಿಸಿದರೆ 321 ಬರುತ್ತದೆ. ಭಾಗಿಸುವುದನ್ನು ಮರೆತು 1342 ಎಂದೇ ಮುದ್ರಿಸಿದರೆ, 25 ಗ್ರಾಮಿನ ಲೋಟಕ್ಕೆ ಶೇ. 4 ಬರಬೇಕಾದ ಕಡೆ ಶೇ. 16.8 ಕೂರುತ್ತದೆ. ಓದುವವರು ಇದನ್ನು ಹಿಡಿಯಬಹುದು. ಅಪ್ಪಟ ಎಣ್ಣೆಯಲ್ಲೂ 100 ಗ್ರಾಮಿಗೆ 900 ಕಿಲೋ ಕ್ಯಾಲೊರಿಗಿಂತ ಹೆಚ್ಚಿಲ್ಲ. ಆದ್ದರಿಂದ ಆ ಸಾಲಿನಲ್ಲಿ 900 ದಾಟಿದ ಅಂಕಿ ಕಂಡರೆ ಏಕಮಾನ ತಪ್ಪಿದೆ ಎಂದೇ ಅರ್ಥ. ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗಳನ್ನು ನಾಲ್ಕರಿಂದ, ಕೊಬ್ಬನ್ನು ಒಂಬತ್ತರಿಂದ ಗುಣಿಸಿ ಕೂಡಬೇಕು. ರಾಗಿಗೆ ಅದು 313ರ ಹತ್ತಿರ ಬರುತ್ತದೆ. ನಾರಿನಂಶದ ಶಕ್ತಿಯ ಕಾರಣ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ, ಅದು ಸಹಜ.

ಎರಡನೆಯ ಗುಂಡಿ ಡಿಟಿಪಿ ಮಾಡುವಾಗ ಬರುತ್ತದೆ. ಮೇಲಿನ ಪಟ್ಟಿಯಲ್ಲಿ ಹತ್ತು ಸಾಲುಗಳಿವೆ, ಶೇಕಡಾ ಇರುವುದು ಆರಕ್ಕೆ ಮಾತ್ರ. ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಕೊಲೆಸ್ಟರಾಲ್‌ಗಳಿಗೆ ನಿಯಮ ದಿನದ ಅಗತ್ಯವನ್ನು ಗೊತ್ತುಮಾಡಿಲ್ಲ. ಆ ಖಾಲಿ ಮನೆಗಳಲ್ಲಿ ಗೆರೆ ಎಳೆಯದೆ ಬಿಟ್ಟರೆ ಕೆಳಗಿನ ಶೇಕಡಾಗಳು ಮೇಲಕ್ಕೆ ಏರಿಬಿಡುತ್ತವೆ. ಸೇರಿಸಿದ ಸಕ್ಕರೆಯ 0.6 ಪ್ರೋಟೀನ್ ಪಕ್ಕಕ್ಕೆ, ಕೊಬ್ಬಿನ 16.6 ಕಾರ್ಬೋಹೈಡ್ರೇಟ್ ಪಕ್ಕಕ್ಕೆ, ಸೋಡಿಯಂನ 12 ಒಟ್ಟು ಕೊಬ್ಬಿನ ಪಕ್ಕಕ್ಕೆ ಬಂದು, ಸೋಡಿಯಂ ಸಾಲು ಖಾಲಿಯಾಗುತ್ತದೆ. ರಕ್ತದೊತ್ತಡ ಇರುವವರು ಮೊದಲು ನೋಡಬೇಕಾದ ಸಾಲೇ ಹೀಗೆ ಬರಿದಾಗುವುದು ಸಣ್ಣ ಸಂಗತಿಯಲ್ಲ. ಸೋಡಿಯಂ ಪಕ್ಕ ಮಿಲಿಗ್ರಾಂ ಬದಲು ಗ್ರಾಂ ಎಂದು ಬಿದ್ದರೂ ಅನಾಹುತವೇ. 100 ಗ್ರಾಂ ತಿಂಡಿಯಲ್ಲಿ 800 ಗ್ರಾಂ ಸೋಡಿಯಂ ಇರಲು ಸಾಧ್ಯವಿಲ್ಲ ಎಂದು ಕಣ್ಣಿಗೆ ಹೊಳೆಯಬೇಕು. ಇನ್ನೊಂದು ಕಾಲಂ ಕಡ್ಡಾಯ ಮಾಡಿದರೆ ತಪ್ಪಿಗೆ ಇನ್ನೊಂದು ಜಾಗ ಮಾಡಿಕೊಟ್ಟಂತೆ ಎಂದು ಸಣ್ಣ ತಯಾರಕರು ಹೇಳಿದರೆ ಅದನ್ನು ತಳ್ಳಿಹಾಕಲಾಗದು.

ಭಾಷೆಯ ಪ್ರಶ್ನೆಯೂ ಇಲ್ಲೇ ತಗುಲಿಕೊಂಡಿದೆ. ಪ್ರಾಧಿಕಾರದ ನಿಯಮದಂತೆ ಲೇಬಲ್ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು; ಆ ನಿಯಮದಲ್ಲಿ ಕನ್ನಡ ಹಾಕಬಹುದು, ಹಾಕಲೇಬೇಕೆಂದಿಲ್ಲ. ಜಾಗ ಸಾಲದು, ಅಕ್ಷರ ಇನ್ನೂ ಸಣ್ಣದಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೂ ಹನೂರಿನ ಗಿರಾಕಿಗೆ ಇಡೀ ಪಟ್ಟಿ ಕನ್ನಡದಲ್ಲಿ ಬೇಕಿಲ್ಲ. ಸಕ್ಕರೆ, ಕೊಬ್ಬು, ಸೋಡಿಯಂ ಎಂಬ ಮೂರು ಹೆಸರು, ಸರ್ವಿಂಗ್‌ನ ಆ ಒಂದು ಸಾಲು, ಇಷ್ಟು ಕನ್ನಡದಲ್ಲಿದ್ದರೆ ಉಳಿದದ್ದನ್ನು ಅಂಕಿಗಳೇ ಹೇಳುತ್ತವೆ.

2024ರ ಜುಲೈನಲ್ಲಿ ಪ್ರಾಧಿಕಾರ ಒಂದು ಪ್ರಸ್ತಾವವನ್ನು ಒಪ್ಪಿತು: ಒಟ್ಟು ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂಗಳ ಶೇಕಡಾವಾರನ್ನು ದಪ್ಪ, ದೊಡ್ಡ ಅಕ್ಷರದಲ್ಲಿ ತೋರಿಸಬೇಕು. ಉದ್ದೇಶ ಒಳ್ಳೆಯದು, ಅದನ್ನು ಸ್ವಾಗತಿಸಿದವರೂ ಬಹಳ. ಆದರೆ ದೊಡ್ಡದಾಗುವುದು ಸರ್ವಿಂಗ್‌ನ ಶೇಕಡಾ. ತಯಾರಕರ ಸರ್ವಿಂಗ್ ಚಿಕ್ಕದಿದ್ದರೆ ಚಿಕ್ಕ ಶೇಕಡಾವೇ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ನಮ್ಮ ಮಿಕ್ಸ್ಚರ್ ಪೊಟ್ಟಣದ ಮೇಲೆ ಸೋಡಿಯಂ ಶೇ. 12 ಎಂದು ದಪ್ಪಗೆ ಬರೆದರೆ ಅದು ಎಚ್ಚರಿಕೆಯಂತೆ ಕೇಳುವುದೋ ಸಮಾಧಾನದಂತೆ ಕೇಳುವುದೋ?

ನನ್ನ ಒಲವು ಎರಡೂ ಕಾಲಂಗಳನ್ನು ಉಳಿಸುವ ಕಡೆಗೆ. ಹೋಲಿಸಲು 100 ಗ್ರಾಮಿನದು, ತಟ್ಟೆಗೆ ಎಷ್ಟು ಹಾಕಿಕೊಳ್ಳಬೇಕೆಂದು ತಿಳಿಯಲು ಸರ್ವಿಂಗ್‌ನದು. ಜೊತೆಗೆ, ಒಮ್ಮೆ ಕೂತಾಗಲೇ ಖಾಲಿಯಾಗುವ ಪೊಟ್ಟಣಗಳಿಗೆ ಇಡೀ ಪೊಟ್ಟಣದ ಶೇಕಡಾವನ್ನೂ ಬರೆಸಬೇಕು. ಮಾಲ್ಟ್, ಉಪ್ಪಿನಕಾಯಿಗಳಿಗೆ ಇದು ಬೇಡ. ಒಂದು ಕಿಲೋ ಮಾಲ್ಟ್ ಪುಡಿಗೆ ಇಡೀ ಪೊಟ್ಟಣದ ಶೇಕಡಾ ಹಾಕಿದರೆ ಅದು ಓದುವವರನ್ನು ಸುಮ್ಮನೆ ಹೆದರಿಸುತ್ತದೆ, ಸಂಘದ ಹೆಂಗಸರಿಗೆ ಲೆಕ್ಕದ ಹೊರೆಯನ್ನೂ ಹೊರಿಸುತ್ತದೆ. ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಕರಿದ ತಿಂಡಿ, ಬಿಸ್ಕತ್ತು, ಸಿಹಿ ಪಾನೀಯಗಳಿಗೆ 200 ಗ್ರಾಂ ಅಥವಾ 200 ಮಿ.ಲೀ. ಎಂದು ನಾನು ಎಳೆಯುತ್ತೇನೆ. 150 ಗ್ರಾಂ ಎನ್ನುವವರ ಬಳಿಯೂ ಕಾರಣಗಳಿರಬಹುದು. ಆದರೆ ಆ ಗೆರೆ ತಯಾರಕರ ಕೈಯಲ್ಲಿ ಇರಕೂಡದು, ನಿಯಮದಲ್ಲೇ ಬರೆದಿರಬೇಕು.